ಎಂಟು ಲಕ್ಷದ ಸಬ್ಸಿಡಿ ಲೆಕ್ಕದಲ್ಲಿ ಎಲ್ಲಿ ಕೂರಬೇಕು?

ಪ್ರಶ್ನೆ: ಮೂಡಿಗೆರೆ ಕಡೆಯ ನಮ್ಮ ರೈತ ಉತ್ಪಾದಕ ಕಂಪನಿ 20 ಲಕ್ಷ ರೂಪಾಯಿ ಕೊಟ್ಟು ಕಾಫಿ ಡ್ರೈಯರ್ ತಂದಿದೆ. ಸರ್ಕಾರದಿಂದ 8 ಲಕ್ಷ ಸಬ್ಸಿಡಿ ಬಂತು. ಲೆಕ್ಕ ಬರೆಯುವ ಹುಡುಗ ಅದನ್ನು ಡ್ರೈಯರ್ ಬೆಲೆಯಲ್ಲೇ ಕಳೆದು 12 ಲಕ್ಷ ಅಂತ ತೋರಿಸಿದ್ದಾನೆ. ಆಡಿಟರು ನೋಡಿ, 20 ಲಕ್ಷ ಹಾಗೇ ಇರಲಿ, 8 ಲಕ್ಷವನ್ನು ಮುಂದೂಡಿದ ಆದಾಯ ಅಂತ ಬೇರೆ ತೋರಿಸಿ ಅಂತಾರೆ. ಯಾವುದು ಸರಿ ಸಾರ್? ಲಾಭದಲ್ಲಿ ವ್ಯತ್ಯಾಸ ಬರುತ್ತಾ?

ಉತ್ತರ: ಹುಡುಗನೂ ಸರಿ, ಆಡಿಟರೂ ಸರಿ. ನಿಮ್ಮಂಥ ಕಂಪನಿಗೆ ಅನ್ವಯಿಸುವುದು ಲೆಕ್ಕಪತ್ರ ಮಾನದಂಡ 12. ಸವೆಯುವ ಆಸ್ತಿಗೆ ಬಂದ ಸಬ್ಸಿಡಿಗೆ ಅದು ಈ ಎರಡೂ ದಾರಿ ಬಿಟ್ಟಿದೆ. ದೊಡ್ಡ ಕಂಪನಿಗಳು ಪಾಲಿಸುವ ಇಂಡ್ ಎಎಸ್ 20ರಲ್ಲಿ ಮೊದಲು ಮುಂದೂಡಿದ ಆದಾಯದ ದಾರಿ ಮಾತ್ರ ಇತ್ತು. 2018ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ಅಲ್ಲೂ ಬೆಲೆಯಲ್ಲಿ ಕಳೆಯಬಹುದು. 8 ಲಕ್ಷವನ್ನು ನೇರವಾಗಿ ಕ್ಯಾಪಿಟಲ್ ರಿಸರ್ವ್‌ಗೆ ಹಾಕುವುದು ಮಾತ್ರ ತಪ್ಪು. ಡ್ರೈಯರ್‌ಗೆಂದೇ ಬಂದ ದುಡ್ಡು ಡ್ರೈಯರ್ ಜೊತೆಗೇ ಸವೆಯಬೇಕು.

ಈಗ ಲಾಭದ ಮಾತು. ನಿಮ್ಮ ಕಂಪನಿ ಡಿಪ್ರಿಸಿಯೇಷನ್ ಹಾಕುವುದು ಉಳಿದ ಬೆಲೆಯ ಮೇಲೆ, ಅಂದರೆ ಡಬ್ಲ್ಯುಡಿವಿ ಪದ್ಧತಿಯಲ್ಲಿ ಅಂದುಕೊಳ್ಳೋಣ. ಯಂತ್ರದ ಆಯಸ್ಸು 15 ವರ್ಷ, ದರ ಶೇ 18.10. ಲೆಕ್ಕ ಸುಲಭವಾಗಲಿ ಅಂತ ಮೊದಲ ವರ್ಷವನ್ನು ಪೂರ್ತಿ ಹಿಡಿಯುತ್ತೇನೆ. ನಿಜದಲ್ಲಿ ಡ್ರೈಯರ್ ಬರುವುದು ಹಣ್ಣು ಕೊಯ್ಲಿನ ಹೊತ್ತಿಗೇ, ಆಗ ತಿಂಗಳ ಲೆಕ್ಕ ಹಾಕಬೇಕು.

ಹುಡುಗನ ದಾರಿಯಲ್ಲಿ 12 ಲಕ್ಷದ ಮೇಲೆ ಡಿಪ್ರಿಸಿಯೇಷನ್ 2,17,200 ರೂಪಾಯಿ. ಆಡಿಟರ ದಾರಿಯಲ್ಲಿ 20 ಲಕ್ಷದ ಮೇಲೆ 3,62,000. ಆದರೆ ಮುಂದೂಡಿದ 8 ಲಕ್ಷದಿಂದಲೂ ಅದೇ ಶೇ 18.10, ಅಂದರೆ 1,44,800 ಆದಾಯವಾಗಿ ಲಾಭ-ನಷ್ಟ ಖಾತೆಗೆ ಇಳಿಯುತ್ತದೆ. ಒಂದರಲ್ಲಿ ಒಂದು ಕಳೆದರೆ ಖರ್ಚು ಮತ್ತೆ 2,17,200. ಎರಡನೇ ವರ್ಷವೂ ಹೀಗೇ: ಡಿಪ್ರಿಸಿಯೇಷನ್ 2,96,478, ಆದಾಯ 1,18,591, ನಿವ್ವಳ 1,77,887. ಬೆಲೆಯಲ್ಲಿ ಕಳೆದವರಿಗೂ ಅಷ್ಟೇ ಬರುತ್ತದೆ.

ಈ ಸಮ ನಿಲ್ಲುವುದು ಸಬ್ಸಿಡಿ ಮತ್ತು ಡಿಪ್ರಿಸಿಯೇಷನ್ ಒಂದೇ ವೇಗದಲ್ಲಿ ಇಳಿದರೆ ಮಾತ್ರ. ನಾನು ನೋಡಿದ ಲೆಕ್ಕಗಳಲ್ಲಿ ಹೆಚ್ಚು ಎಡವುವುದು ಇಲ್ಲೇ. ಡಿಪ್ರಿಸಿಯೇಷನ್ ಡಬ್ಲ್ಯುಡಿವಿಯಲ್ಲಿ ಹೋಗುತ್ತಿರುತ್ತದೆ, ಸಬ್ಸಿಡಿಯನ್ನು ಮಾತ್ರ 15ರಿಂದ ಭಾಗಿಸಿ ವರ್ಷಕ್ಕೆ 53,333 ಅಂತ ಸಮನಾಗಿ ಹಂಚಿರುತ್ತಾರೆ. ಮೊದಲ ವರ್ಷವೇ ಲಾಭ 91,467 ರೂಪಾಯಿ ಕಡಿಮೆಯಾಯಿತು! ಕೊನೆಯ ವರ್ಷಗಳಲ್ಲಿ ಡಿಪ್ರಿಸಿಯೇಷನ್ ಸಣ್ಣದಾಗಿ, ಸಬ್ಸಿಡಿ ಆದಾಯ ದಪ್ಪಗೆ ಉಳಿದು, ಹಳೇ ಡ್ರೈಯರ್ ಲಾಭ ತಂದ ಹಾಗೆ ಕಾಣುತ್ತದೆ. ಪರೀಕ್ಷೆ ಸುಲಭ: ವರ್ಷದ ಕೊನೆಗೆ ಉಳಿದ ಮುಂದೂಡಿದ ಆದಾಯವನ್ನು ಯಂತ್ರದ ಉಳಿದ ಬೆಲೆಯಿಂದ ಭಾಗಿಸಿ. ನಿಮ್ಮ ವಿಷಯದಲ್ಲಿ ಪ್ರತಿ ವರ್ಷವೂ ಶೇ 40 ಬರಬೇಕು. ಬರಲಿಲ್ಲ ಎಂದರೆ ಎಲ್ಲೋ ವೇಗ ತಪ್ಪಿದೆ.

ಆದಾಯ ತೆರಿಗೆಯಲ್ಲಿ ಈ ಆಯ್ಕೆಯೇ ಇಲ್ಲ. ಸಬ್ಸಿಡಿ ಬಂದಷ್ಟು ಯಂತ್ರದ ಬೆಲೆ ಇಳಿಯಲೇಬೇಕು. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಕಾಯ್ದೆಯ 43(1)ನೇ ಸೆಕ್ಷನ್‌ನ 10ನೇ ವಿವರಣೆ ಹೇಳಿದ್ದು ಇದನ್ನೇ. ನಿಮ್ಮ ಪುಸ್ತಕದಲ್ಲಿ 20 ಲಕ್ಷ ಇದ್ದರೂ ತೆರಿಗೆಗೆ ಅದು 12 ಲಕ್ಷದ ಡ್ರೈಯರ್. ಹಾಗಾಗಿ ಆಡಿಟರ ದಾರಿ ಹಿಡಿದರೆ ಒಂದು ಎಚ್ಚರ ಬೇಕು. ತೆರಿಗೆ ಲೆಕ್ಕ ಹಾಕುವಾಗ ಪುಸ್ತಕದ ಡಿಪ್ರಿಸಿಯೇಷನ್ 3,62,000 ವಾಪಸ್ ಸೇರಿಸುತ್ತಾರೆ, ಅದನ್ನು ಯಾರೂ ಮರೆಯುವುದಿಲ್ಲ. ಆದಾಯದಲ್ಲಿ ಕೂತಿರುವ 1,44,800 ಕಳೆಯುವುದನ್ನು ಮರೆಯುತ್ತಾರೆ. ಆಗ ಬೆಲೆ ಇಳಿದದ್ದರಿಂದ ಒಂದು ಸಲ, ಆದಾಯ ಎಂದು ಇನ್ನೊಂದು ಸಲ, ಒಂದೇ ಸಬ್ಸಿಡಿಯ ಪೆಟ್ಟು ಎರಡು ಸಲ ಬೀಳುತ್ತದೆ.

ಹುಡುಗನ ದಾರಿಯ ಅಪಾಯ ಲೆಕ್ಕದಲ್ಲಲ್ಲ, ವಿಮೆಯಲ್ಲಿ. ಬ್ಯಾಲೆನ್ಸ್ ಶೀಟ್ ನೋಡಿ ವಿಮೆ ಮಾಡಿಸುವವರು 12 ಲಕ್ಷಕ್ಕೇ ಮಾಡಿಸಿಬಿಡುತ್ತಾರೆ. ಡ್ರೈಯರ್ ಇರುವ ಕಡೆ ಬೆಂಕಿಯೂ ಇರುತ್ತದೆ. 20 ಲಕ್ಷ ಬಾಳುವ ಯಂತ್ರಕ್ಕೆ 12 ಲಕ್ಷದ ವಿಮೆ ಇದ್ದರೆ, 5 ಲಕ್ಷದ ನಷ್ಟಕ್ಕೂ ಅದೇ ಪ್ರಮಾಣದಲ್ಲಿ 3 ಲಕ್ಷ ಮಾತ್ರ ಕೊಡುವ ಷರತ್ತು ಪಾಲಿಸಿಗಳಲ್ಲಿ ಸಾಮಾನ್ಯ. ವಿಮೆ ಮಾಡಿಸುವಾಗ ಇನ್‌ವಾಯ್ಸ್ ತೋರಿಸಿ, ಬ್ಯಾಲೆನ್ಸ್ ಶೀಟ್ ಅಲ್ಲ.

ಎರಡೂ ದಾರಿ ನಿಜವಾಗಿ ಬೇರೆಯಾಗುವುದು ಸಬ್ಸಿಡಿ ವಾಪಸ್ ಕೇಳಿದಾಗ. ಮಂಜೂರಾತಿ ಪತ್ರದಲ್ಲಿ ಇಷ್ಟು ವರ್ಷ ಯಂತ್ರ ಮಾರಬಾರದು, ಬೇರೆಯವರಿಗೆ ಗುತ್ತಿಗೆ ಕೊಡಬಾರದು ಎಂಬಂಥ ಷರತ್ತುಗಳಿರುತ್ತವೆ. ನೀವು ಎರಡು ವರ್ಷ ಓಡಿಸಿ, ಮೂರನೇ ವರ್ಷದ ಮೊದಲಲ್ಲೇ ಡ್ರೈಯರನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟಿರಿ, ಇಲಾಖೆ ಪೂರ್ತಿ 8 ಲಕ್ಷ ಕಟ್ಟಿ ಎಂದಿತು ಅನ್ನಿ.

ಆಡಿಟರ ದಾರಿಯಲ್ಲಿ ಆಗ ಮುಂದೂಡಿದ ಆದಾಯ 5,36,609 ಉಳಿದಿರುತ್ತದೆ. ಅದು ಪೂರ್ತಿ ಅಳಿಯುತ್ತದೆ. ಮಿಕ್ಕ 2,63,391 ಅದೇ ವರ್ಷ ನಷ್ಟ. ಎರಡು ವರ್ಷ ಆದಾಯ ಅಂತ ತಿಂದದ್ದನ್ನು ಒಂದೇ ಸಲ ಕಕ್ಕಬೇಕು. ಆದರೆ ಡ್ರೈಯರ್ 13,41,522ರಲ್ಲೇ ನಿಂತಿರುತ್ತದೆ, ಸಬ್ಸಿಡಿಯೇ ಬರದಿದ್ದರೆ ಎಷ್ಟಿರುತ್ತಿತ್ತೋ ಅಷ್ಟೇ.

ಹುಡುಗನ ದಾರಿಯಲ್ಲಿ ಡ್ರೈಯರ್ 8,04,913ಕ್ಕೆ ಇಳಿದಿರುತ್ತದೆ. ಮಾನದಂಡ 12ರ ಪ್ರಕಾರ ಕಟ್ಟಿದ 8 ಲಕ್ಷ ಅದಕ್ಕೆ ಸೇರಿ 16,04,913 ಆಗುತ್ತದೆ, ಮುಂದಿನ ವರ್ಷಗಳಲ್ಲಿ ಸವೆಯುತ್ತದೆ. ಆ ವರ್ಷ ಒಮ್ಮೆಲೇ ನಷ್ಟವಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಎರಡು ಕೊಯ್ಲು ಓಡಿದ ಯಂತ್ರ ಪುಸ್ತಕದಲ್ಲಿ 2,63,391 ರೂಪಾಯಿ ಜಾಸ್ತಿ ಬೆಲೆಗೆ ಕೂತಿದೆ. ಅಷ್ಟು ಬಾಳುತ್ತದೆಯೇ ಎಂದು ನೋಡಿ, ಬಾಳದಿದ್ದರೆ ಬೆಲೆ ಇಳಿಸಬೇಕು. (ಇಂಡ್ ಎಎಸ್ 20ರಲ್ಲಿ ಈ ಮುಲಾಜಿಲ್ಲ. ಸಬ್ಸಿಡಿ ಇರದಿದ್ದರೆ ಆಗುತ್ತಿದ್ದ ಹೆಚ್ಚುವರಿ ಡಿಪ್ರಿಸಿಯೇಷನ್ನನ್ನು ಆಗಲೇ ಲಾಭ-ನಷ್ಟ ಖಾತೆಗೆ ಹಾಕಿಸುತ್ತದೆ.)

ನನ್ನನ್ನು ಕೇಳಿದರೆ, ಷರತ್ತಿನ ಅವಧಿ ಇನ್ನೂ ಮುಗಿಯದ ಸಬ್ಸಿಡಿಗೆ ಆಡಿಟರ ದಾರಿಯೇ ವಾಸಿ. ಮುಂದೂಡಿದ ಆದಾಯ ಎಂಬ ಸಾಲು ಬ್ಯಾಲೆನ್ಸ್ ಶೀಟಿನಲ್ಲಿ ಇರುವ ತನಕ, ಈ ದುಡ್ಡು ಇನ್ನೂ ಪೂರ್ತಿ ನಮ್ಮದಲ್ಲ ಅನ್ನುವುದು ನಿರ್ದೇಶಕರ ಕಣ್ಣಿಗೆ ಬೀಳುತ್ತಿರುತ್ತದೆ. ಗುತ್ತಿಗೆಗೆ ಸಹಿ ಹಾಕುವ ಮುಂಚೆ ಯಾರಾದರೂ ಒಬ್ಬರು ಕೇಳುತ್ತಾರೆ. ಬೆಲೆಯಲ್ಲಿ ಕಳೆದುಬಿಟ್ಟರೆ ಎರಡು ವರ್ಷದಲ್ಲಿ ಸಬ್ಸಿಡಿ ಬಂದದ್ದೇ ಮರೆತುಹೋಗುತ್ತದೆ, ಅಷ್ಟರಲ್ಲಿ ನಿರ್ದೇಶಕರೂ ಬದಲಾಗಿರುತ್ತಾರೆ.

ಲೆಕ್ಕದ ಕೆಲಸ ಕಡಿಮೆ ಇರಲಿ, ಷರತ್ತಿನ ಅವಧಿಯೂ ಮುಗಿದಿದೆ ಅನ್ನುವುದಾದರೆ ಹುಡುಗನ ದಾರಿಗೆ ನನ್ನ ತಕರಾರಿಲ್ಲ. ಯಾವುದೇ ಹಿಡಿದರೂ ಮುಂದಿನ ವರ್ಷ ಪಲ್ಪರ್‌ಗೆ ಸಬ್ಸಿಡಿ ಬಂದರೆ ಅದಕ್ಕೂ ಅದೇ ದಾರಿ. ಯಾವ ದಾರಿ ಹಿಡಿದಿದ್ದೀರಿ ಎಂದು ವಾರ್ಷಿಕ ಲೆಕ್ಕದ ಟಿಪ್ಪಣಿಯಲ್ಲಿ ಬರೆಯಲೇಬೇಕು. ಮಂಜೂರಾತಿ ಪತ್ರದ ಒಂದು ಪ್ರತಿಯನ್ನು ಆಸ್ತಿ ರಿಜಿಸ್ಟರಿನಲ್ಲಿ ಡ್ರೈಯರಿನ ಪುಟಕ್ಕೇ ಪಿನ್ ಹೊಡೆದಿಡಲು ಹುಡುಗನಿಗೆ ಹೇಳಿ.