2Bಯಲ್ಲಿ ಬಂದ ಕಾರಿನ ಐಟಿಸಿ: ತಗೊಂಡಾಗಿದೆ, ಈಗ ರಿವರ್ಸ್ ಮಾಡುವುದು ಹೇಗೆ?

ಬಿಲ್ GSTR-2Bಯಲ್ಲಿ ‘ITC Available’ ಕಡೆಯೇ ಇದೆ, ಹಾಗಾದರೆ ತಗೋಬಹುದು ಅಲ್ವಾ? ತುಂಬಾ ಜನ ಎಡವುವುದು ಇಲ್ಲೇ. ಕೊಂಡ ವಸ್ತು ಯಾವ ಕೆಲಸಕ್ಕೆ ಹೋಯಿತು ಅನ್ನೋದು ಪೋರ್ಟಲ್‌ಗೆ ಗೊತ್ತಾಗುವುದಿಲ್ಲ. ಸೆಕ್ಷನ್ 17(5)ರ ತಡೆಯನ್ನು ನಾವೇ ನೋಡಿಕೊಳ್ಳಬೇಕು.

ಡ್ರೈವರ್ ಸೇರಿ 13 ಸೀಟಿನವರೆಗಿನ, ಜನ ಓಡಾಡುವ ಗಾಡಿಗೆ ಐಟಿಸಿ ಇಲ್ಲ. ಗಾಡಿ ಮಾರುವವರಿಗೆ, ಟ್ಯಾಕ್ಸಿ ಓಡಿಸುವವರಿಗೆ, ಡ್ರೈವಿಂಗ್ ಸ್ಕೂಲಿಗೆ ಮಾತ್ರ ಸಿಗುತ್ತದೆ. ಕಾರು ಬ್ಲಾಕ್ ಆದರೆ ಅದರ ಇನ್ಶೂರೆನ್ಸ್, ಸರ್ವಿಸ್, ರಿಪೇರಿಯೂ ಬ್ಲಾಕ್, ಇದನ್ನು ಮರೆಯುವವರೇ ಜಾಸ್ತಿ. ಸರಕು ಸಾಗಿಸುವ ಟೆಂಪೋಗೆ ಈ ತಡೆ ಇಲ್ಲ.

ಊಟಕ್ಕೂ ಹಾಗೆಯೇ. ದೀಪಾವಳಿಗೆ ಸಿಬ್ಬಂದಿಗೆ ಹಾಕಿಸಿದ ಊಟದ ಐಟಿಸಿ ಸಿಗಲ್ಲ. ಕೇಟರಿಂಗ್‌ನವರು ಇನ್ನೊಬ್ಬ ಕೇಟರಿಂಗ್‌ನವರಿಂದ ತರಿಸಿದರೆ, ಅಥವಾ ಫ್ಯಾಕ್ಟರಿ ಕ್ಯಾಂಟೀನ್‌ನಂತೆ ಊಟ ಕೊಡಲೇಬೇಕು ಅಂತ ಕಾನೂನೇ ಹೇಳಿದ್ದರೆ ಸಿಗುತ್ತದೆ. ಅಂಗಡಿಯ ಜಿಎಸ್‌ಟಿ ನಂಬರ್ ಕೊಟ್ಟು ಮನೆಗೆ ಫ್ರಿಜ್ ತಂದರೆ ಅದು ಸ್ವಂತ ಬಳಕೆ, ಅದಕ್ಕೂ ಇಲ್ಲ.

ಈಗ ಒಂದು ಲೆಕ್ಕ. ಹುಬ್ಬಳ್ಳಿಯ ಒಂದು ಪ್ರಿಂಟಿಂಗ್ ಪ್ರೆಸ್ ಅಕ್ಟೋಬರ್ 2025ರಲ್ಲಿ 8 ಲಕ್ಷದ ಸಣ್ಣ ಕಾರು ಕೊಂಡಿತು ಅಂದುಕೊಳ್ಳಿ. 18% ಜಿಎಸ್‌ಟಿ ಅಂದರೆ 1,44,000: ಸಿಜಿಎಸ್‌ಟಿ 72,000, ಎಸ್‌ಜಿಎಸ್‌ಟಿ 72,000. ನವೆಂಬರ್ 20ಕ್ಕೆ ಫೈಲ್ ಮಾಡಿದ GSTR-3B ರಿಟರ್ನ್‌ನಲ್ಲಿ ಅಷ್ಟೂ ತಗೊಂಡರು.

ಅದೇ ತಿಂಗಳು ಗೊತ್ತಾಗಿದ್ದರೆ ಸುಲಭವಿತ್ತು: 3Bಯ ಟೇಬಲ್ 4(A)(5)ರಲ್ಲಿ ತೋರಿಸಿ, ಅಷ್ಟೇ ಮೊತ್ತವನ್ನು 4(B)(1)ರಲ್ಲಿ ರಿವರ್ಸ್ ಮಾಡಿದರೆ ಮುಗಿಯುತ್ತಿತ್ತು. ಗೊತ್ತಾದದ್ದು ತಡವಾಗಿ, ಜನವರಿ ರಿಟರ್ನ್ ಹೊತ್ತಿಗೆ. ಆಗಲೂ 72,000 ಮತ್ತು 72,000 ಹೋಗಬೇಕಾದದ್ದು 4(B)(1)ಕ್ಕೇ. 4(B)(2)ರಲ್ಲಿ ಹಾಕಬೇಡಿ. ಅದು ಮುಂದೆ ವಾಪಸ್ ತಗೊಳ್ಳುವ ಕ್ರೆಡಿಟ್‌ನ ಜಾಗ, ಕಾರಿನದ್ದು ಮತ್ತೆ ಬರುವುದಿಲ್ಲ.

ಇನ್ನು ಬಡ್ಡಿ. ಸುಮ್ನೆ 1,44,000ಕ್ಕೆ ಪೂರ್ತಿ ಬಡ್ಡಿ ಕಟ್ಟಬೇಡಿ. ರೂಲ್ 88Bಯಂತೆ, ತಪ್ಪಾಗಿ ತಗೊಂಡದ್ದರಲ್ಲಿ ಬಳಸಿದ ಭಾಗಕ್ಕೆ ಮಾತ್ರ 18% ಬಡ್ಡಿ. ಬಳಸಿದ್ದೀರಾ ಅಂತ ತಿಳಿಯಲು ಎಲೆಕ್ಟ್ರಾನಿಕ್ ಕ್ರೆಡಿಟ್ ಲೆಡ್ಜರ್ ತೆಗೆದು, ಬ್ಯಾಲೆನ್ಸ್ 72,000ಕ್ಕಿಂತ ಯಾವತ್ತು ಕೆಳಗೆ ಬಂತು ನೋಡಿ. ಇವರ ಸಿಜಿಎಸ್‌ಟಿ ಬ್ಯಾಲೆನ್ಸ್ ನವೆಂಬರ್‌ನಲ್ಲಿ 90,000 ಇತ್ತು, ಡಿಸೆಂಬರ್ 20ಕ್ಕೆ ರಿಟರ್ನ್ ಹಾಕಿದಾಗ 40,000ಕ್ಕೆ ಇಳಿಯಿತು, ಆಮೇಲೆ ಅದಕ್ಕಿಂತ ಕೆಳಗೆ ಹೋಗಲಿಲ್ಲ. ಬಳಸಿದ್ದು 32,000. ಫೆಬ್ರವರಿ 20ಕ್ಕೆ ರಿವರ್ಸ್ ಮಾಡಿದರು, ಅಂದರೆ 62 ದಿನ:

```
32000 × 18% × 62 / 365 = 978
```

ಎಸ್‌ಜಿಎಸ್‌ಟಿಗೂ ಅದರ ಬ್ಯಾಲೆನ್ಸ್ ನೋಡಿ ಹೀಗೇ ಲೆಕ್ಕ ಹಾಕಬೇಕು. ಬಡ್ಡಿಯನ್ನು 3Bಯ ಟೇಬಲ್ 5.1ರಲ್ಲಿ ತೋರಿಸಿ, ಕ್ಯಾಶ್ ಲೆಡ್ಜರ್‌ನಿಂದಲೇ ಕಟ್ಟಬೇಕು.

ಪುಸ್ತಕದಲ್ಲೂ ಎಂಟ್ರಿ ಬೇಕು. ಐಟಿಸಿ ಖಾತೆಯಿಂದ 1,44,000 ತೆಗೆದು ಕಾರಿನ ಬೆಲೆಗೆ ಸೇರಿಸಿ, ಆಗ ಕಾರು 9,44,000 ಆಗುತ್ತದೆ, ಸವಕಳಿಯೂ ಅದರ ಮೇಲೇ.