ಮಾತನ್ನು ಕತ್ತರಿಸಬೇಡಿ, ಮೌನ ಮಾಡಿ

ಪಾಡ್‌ಕಾಸ್ಟಿನ ಮಾತಿನಡಿ ಕೇಳಿಸುವ ಹಾಡು ಯಾವುದೆಂದು ಹುಡುಕಿಕೊಡಿ ಎಂದು ಕಳಿಸುವ ತುಣುಕುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ನಿರೂಪಕರ ಮಾತನ್ನೆಲ್ಲ ಕತ್ತರಿಸಿ ಎಸೆದು, ನಡುವೆ ಸಿಕ್ಕ ಸಂಗೀತದ ಚೂರುಗಳನ್ನು ಒಂದರ ಬೆನ್ನಿಗೆ ಒಂದು ಅಂಟಿಸಿರುತ್ತಾರೆ. ರಾತ್ರಿ ಕೂತು ಮಾಡಿದ ಕೆಲಸ ಎಂದು ನೋಡಿದರೇ ಗೊತ್ತಾಗುತ್ತದೆ, ಪಾಪ. ಜೊತೆಗೊಂದು ಒಕ್ಕಣೆ: "ಈಗ ಮಾತೇ ಇಲ್ಲ, ಆದರೂ ಶಜಾಮ್ ಹಿಡಿಯುತ್ತಿಲ್ಲ." ಹಿಡಿಯದಿರಲು ಆ ಅಂಟಿಸಿದ್ದೇ ಕಾರಣ.

ಶಜಾಮಿನಂಥ ತಂತ್ರಾಂಶ ಹಾಡನ್ನು ನಮ್ಮ ಹಾಗೆ ಕೇಳುವುದಿಲ್ಲ. ಅದನ್ನು ರೂಪಿಸಿದ ಏವರಿ ವಾಂಗ್ 2003ರ ಪ್ರಬಂಧದಲ್ಲಿ ವಿವರಿಸಿದ ವಿಧಾನ ಇದು: ಧ್ವನಿಯ ಚಿತ್ರದಲ್ಲಿ, ಅಂದರೆ ಸ್ಪೆಕ್ಟ್ರೋಗ್ರಾಮಿನಲ್ಲಿ, ಸುತ್ತಲಿನದಕ್ಕಿಂತ ಜೋರಾಗಿರುವ ಬಿಂದುಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಎರಡೆರಡು ಬಿಂದುಗಳನ್ನು ಜೋಡಿ ಮಾಡಿ, ಅವುಗಳ ಕಂಪನಾಂಕ ಮತ್ತು ನಡುವಿನ ಸಮಯವನ್ನು ಒಂದು ಗುರುತಾಗಿ ಇಟ್ಟುಕೊಳ್ಳುತ್ತಾರೆ. ನಿಮ್ಮ ತುಣುಕಿನ ಗುರುತುಗಳು ಯಾವುದೋ ಹಾಡಿನ ಗುರುತುಗಳಿಗೆ ಹೊಂದಿದರಷ್ಟೇ ಸಾಲದು, ಏಕೆಂದರೆ ಆಕಸ್ಮಿಕವಾಗಿ ಹೊಂದುವ ಗುರುತುಗಳು ಬೇರೆ ಹಾಡುಗಳಲ್ಲೂ ಇರುತ್ತವೆ. ಹೊಂದಿದ ಪ್ರತಿ ಗುರುತಿಗೂ 'ಹಾಡಿನಲ್ಲಿ ಇದು ಎಷ್ಟನೇ ಸೆಕೆಂಡು, ತುಣುಕಿನಲ್ಲಿ ಎಷ್ಟನೇ ಸೆಕೆಂಡು' ಎಂದು ಕಳೆದು ನೋಡುತ್ತಾರೆ. ತುಂಬ ಗುರುತುಗಳಿಗೆ ಒಂದೇ ಉತ್ತರ ಬಂದರೆ ಮಾತ್ರ ಹಾಡು ಸಿಕ್ಕಿತು ಎಂದರ್ಥ.

ಈಗ ಲೆಕ್ಕ ಹಾಕಿ. ಹದಿಮೂರೂವರೆ ಸೆಕೆಂಡಿನ ಒಂದು ತುಣುಕು ಇದೆ ಎನ್ನೋಣ. ಅದರಲ್ಲಿ ನಿರೂಪಕರು ಮೂರು ಕಡೆ ಉಸಿರು ತೆಗೆದುಕೊಂಡಿದ್ದಾರೆ: ಶುರುವಿನಲ್ಲಿ 1.2 ಸೆಕೆಂಡು, 4ನೇ ಸೆಕೆಂಡಿನಿಂದ 0.8 ಸೆಕೆಂಡು, 11ನೇ ಸೆಕೆಂಡಿನಿಂದ 2.5 ಸೆಕೆಂಡು. ಅಡಿಯಲ್ಲಿರುವ ಹಾಡು ಅದರ 40ನೇ ಸೆಕೆಂಡಿನಿಂದ ಓಡುತ್ತಿದೆ. ಹಾಗಾದರೆ ಈ ಮೂರು ಬಿಡುವುಗಳು ಮೂಲ ಹಾಡಿನಲ್ಲಿ 40, 44 ಮತ್ತು 51ನೇ ಸೆಕೆಂಡಿನಲ್ಲಿ ಬೀಳುತ್ತವೆ. ಕಳೆದರೆ ಮೂರಕ್ಕೂ ಉತ್ತರ 40. ಮಾತನ್ನು ಕತ್ತರಿಸಿ ಅಂಟಿಸಿದಿರೋ, ಎರಡನೇ ಚೂರು 1.2ಕ್ಕೂ ಮೂರನೆಯದು 2ನೇ ಸೆಕೆಂಡಿಗೂ ಬಂದು ಕೂರುತ್ತವೆ. ಈಗ ಕಳೆದರೆ 40, 42.8, 49. ಮೂರು ಚೂರು ಮೂರು ದಿಕ್ಕಿಗೆ ಓಟು ಹಾಕಿದಂತಾಯಿತು, ಯಾರೂ ಗೆಲ್ಲಲಿಲ್ಲ. ಸಂಗೀತ ಅದೇ, ಚೂರುಗಳೂ ಅವೇ, ಕೆಟ್ಟದ್ದು ಅವುಗಳ ನಡುವಿನ ಅಂತರ ಮಾತ್ರ.

ಆದ್ದರಿಂದ ಮಾತನ್ನು ತೆಗೆಯುವುದಾದರೆ ಅದರ ಜಾಗವನ್ನು ಹಾಗೇ ಬಿಡಿ. ಧ್ವನಿ ಸಂಕಲನದ ತಂತ್ರಾಂಶವಾದ ಆಡಾಸಿಟಿಯಲ್ಲಿ ಮಾತಿನ ಭಾಗವನ್ನು ಆಯ್ದು Delete ಒತ್ತಿದರೆ ಅದರ ನಂತರದ್ದೆಲ್ಲ ಸರಿದು ಬಂದು ಆ ಜಾಗದಲ್ಲಿ ಕೂರುತ್ತದೆ. Ctrl+L ಒತ್ತಿದರೆ ಆ ಭಾಗ ನಿಶ್ಶಬ್ದವಾಗುತ್ತದೆ, ಉದ್ದ ಬದಲಾಗುವುದಿಲ್ಲ. ನಿಮಗೆ ಬೇಕಿರುವುದು ಎರಡನೆಯದು. ಕಿವಿಗೆ ಅದು ಹರಕು ಬಟ್ಟೆಯಂತೆ ಕೇಳಿಸಿದರೂ ಚಿಂತೆಯಿಲ್ಲ, ಕೇಳುತ್ತಿರುವುದು ನೀವಲ್ಲ. ನಿಜ ಹೇಳಬೇಕೆಂದರೆ ಹಲವು ಸಲ ಇಷ್ಟೂ ಬೇಡ. ಸಂಗೀತ ತೀರಾ ಮೆಲ್ಲಗಿಲ್ಲದಿದ್ದರೆ ಮಾತಿದ್ದ ಹಾಗೇ ಕೇಳಿಸಿದರೂ ಸಾಕಷ್ಟು ಬಿಂದುಗಳು ಉಳಿದು ಹಾಡು ಸಿಗುತ್ತದೆ. ಹಾಗಾಗಿ ಮೊದಲು ಮುಟ್ಟದ ತುಣುಕನ್ನೇ ಕೇಳಿಸಿ ನೋಡಿ. ಗದ್ದಲ ಕಡಿಮೆ ಮಾಡುವ ಫಿಲ್ಟರನ್ನಂತೂ ಹಾಕಲೇಬೇಡಿ, ಅದು ಮೊದಲು ಒರೆಸುವುದೇ ಮೆಲ್ಲಗಿನ ಸಂಗೀತವನ್ನು.

ಇದೇ ತಪ್ಪು ನಿಮಗೆ ಗೊತ್ತಿಲ್ಲದೆಯೂ ನಡೆಯಬಹುದು. ಆ್ಯಪಿನಲ್ಲಿ ವೇಗ ಒಂದೂವರೆ ಪಟ್ಟು ಇಟ್ಟುಕೊಂಡು ಕೇಳುವವರು, ಹಾಡು ಬಂದಾಗ ಇನ್ನೊಂದು ಫೋನು ಹಿಡಿಯುತ್ತಾರೆ. ವೇಗ ಬದಲಾದರೆ ಬಿಂದುಗಳ ನಡುವಿನ ಸಮಯವೂ ಬದಲಾಯಿತಲ್ಲ. ಮೌನವನ್ನು ತಾನೇ ಕತ್ತರಿಸುವ ಸೌಲಭ್ಯವೂ ಕೆಲವು ಆ್ಯಪುಗಳಲ್ಲಿದೆ, ಅದು ಬಿಡುವುಗಳನ್ನೇ ತಿನ್ನುತ್ತದೆ. ಎರಡನ್ನೂ ಆಫ್ ಮಾಡಿ, ಸಾಧ್ಯವಾದರೆ ಕಂತಿನ ಕಡತವನ್ನೇ ಇಳಿಸಿಕೊಂಡು ಅದರಿಂದ ತುಣುಕು ತೆಗೆಯಿರಿ.

ಬಿಡುವು ಎಲ್ಲಿ ಹುಡುಕಬೇಕು? ನಿರೂಪಕರು ಮಾತಾಡುವಾಗ ಸಂಗೀತವನ್ನು ತಗ್ಗಿಸಿ, ನಿಲ್ಲಿಸಿದಾಗ ಏರಿಸುವುದು ಸಂಕಲನದ ಸಾಮಾನ್ಯ ಪದ್ಧತಿ. ಮಾತು ಮುಗಿದ ಕೂಡಲೇ ಅದು ಪೂರ್ತಿ ಏರುವುದಿಲ್ಲ, ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಹಾಗಾಗಿ ವಾಕ್ಯದ ನಡುವಿನ ಚಿಕ್ಕ ಉಸಿರಿಗಿಂತ, ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಕಡೆ, ಜಾಹೀರಾತಿನ ಹಿಂದುಮುಂದು, ಕಂತಿನ ಕೊನೆ ನೋಡಿ. ರೇಡಿಯೋದಲ್ಲಿ ಹಾಡಿನ ಪೀಠಿಕೆಯ ಮೇಲೆ ಮಾತಾಡಿ, ಗಾಯನ ಶುರುವಾಗುವಷ್ಟರಲ್ಲಿ ಮುಗಿಸುವುದು ನಿರೂಪಕರ ಹಳೆಯ ಚಾಕಚಕ್ಯ. ಅಲ್ಲಿ ಕಾದರೆ ಹಾಡೇ ಬರುತ್ತದೆ. ಆದರೆ ಅದೇ ಕಾರ್ಯಕ್ರಮ ಪಾಡ್‌ಕಾಸ್ಟ್ ಆಗಿ ಬಂದಾಗ ಹಕ್ಕುಗಳ ಕಾರಣಕ್ಕೆ ಹಾಡನ್ನು ಕತ್ತರಿಸಿ, ಪೀಠಿಕೆಯನ್ನಷ್ಟೇ ಉಳಿಸಿರುವುದುಂಟು.

ಬಿಡುವೇ ಇಲ್ಲದೆ ಮಾತಾಡುವವರಿದ್ದರೆ ಇನ್ನೊಂದು ದಾರಿ ಇದೆ. ಮಾತನ್ನು ಸಾಮಾನ್ಯವಾಗಿ ಎಡ, ಬಲ ಎರಡು ಚಾನೆಲ್ಲಿಗೂ ಸಮನಾಗಿ ಹಾಕಿರುತ್ತಾರೆ, ಸಂಗೀತ ಮಾತ್ರ ಎರಡರಲ್ಲೂ ಬೇರೆಬೇರೆ ಹರಡಿರುತ್ತದೆ. ಎಡದಿಂದ ಬಲವನ್ನು ಕಳೆದರೆ ಸಮನಾಗಿರುವ ಮಾತು ಸೊನ್ನೆಯಾಗಿ, ಹರಡಿರುವ ಸಂಗೀತ ಉಳಿಯುತ್ತದೆ, ಸಮಯಕ್ಕೂ ಧಕ್ಕೆಯಿಲ್ಲ. ಹನ್ನೆರಡು ನಿಮಿಷ ನಲವತ್ತು ಸೆಕೆಂಡಿನಿಂದ ಹದಿನೈದು ಸೆಕೆಂಡು ತೆಗೆಯುವುದಾದರೆ, ffmpeg ಎಂಬ ತಂತ್ರಾಂಶಕ್ಕೆ ಕೊಡುವ ಆದೇಶ ಇದು:

```
ffmpeg -ss 00:12:40 -t 15 -i kantu.mp3 -af "aformat=channel_layouts=stereo,pan=mono|c0=0.5*c0-0.5*c1" ulida.wav
```

ಫಲಿತಾಂಶ ಪೂರ್ತಿ ನಿಶ್ಶಬ್ದವಾಗಿದ್ದರೆ ಕಂತು ಮೋನೋ, ಅಂದರೆ ಎಡ ಬಲ ಎರಡರಲ್ಲೂ ಒಂದೇ ಧ್ವನಿ ಎಂದು ತಿಳಿಯಿರಿ, ಈ ದಾರಿ ಮುಚ್ಚಿತು. ಕಡತ ಸ್ಟೀರಿಯೋ ಎಂದು ಬರೆದುಕೊಂಡಿದ್ದರೂ ಒಳಗೆ ಮೋನೋ ಇರುವುದು ಸಾಮಾನ್ಯ. ಮಾತು ತೆಳ್ಳಗೆ, ನೀರಿನೊಳಗಿಂದ ಬಂದಂತೆ ಕೇಳಿಸಿದರೆ ಅದು ಎಂಪಿ3 ಅಡಕಗೊಳಿಸಿದ್ದರ ಉಳಿಕೆ. ಬೇಸ್, ಡ್ರಮ್ಮುಗಳೂ ಹೆಚ್ಚಾಗಿ ನಡುವಿನಲ್ಲೇ ಇರುವುದರಿಂದ ಮಾತಿನ ಜೊತೆ ಅವೂ ಹೋಗುತ್ತವೆ. ಗಿಟಾರು, ಕೀಬೋರ್ಡು ಉಳಿದರೆ ಅಷ್ಟೇ ಸಾಕಾಗಬಹುದು. ಆಗಲೇಬೇಕೆಂದೇನಿಲ್ಲ.

ಹೆಸರು ಬಂದ ಕೂಡಲೇ ಕುಣಿದಾಡಬೇಡಿ. ಪಾಡ್‌ಕಾಸ್ಟಿನ ಹಿನ್ನೆಲೆ ಸಂಗೀತ ಅನೇಕ ಸಲ ಸಂಕಲನ ತಂತ್ರಾಂಶದ ಜೊತೆಗೇ ಬರುವ ಸಿದ್ಧ ಲೂಪು, ಅಂದರೆ ಮತ್ತೆ ಮತ್ತೆ ನುಡಿಯುವ ಸಂಗೀತದ ಚೂರು. ಅದೇ ಲೂಪನ್ನು ಯಾರೋ ತಮ್ಮ ಹಾಡಿಗೆ ಹಾಕಿಕೊಂಡಿದ್ದರೆ ನಿಮಗೆ ಆ ಹಾಡಿನ ಹೆಸರು ಬರುತ್ತದೆ, ಕಂತಿನಲ್ಲಿ ಇರುವುದು ಅದಲ್ಲ. ಅರ್ಧ ನಿಮಿಷ ಮುಂದಿನ ಇನ್ನೊಂದು ತುಣುಕನ್ನೂ ಕೇಳಿಸಿ. ಎರಡಕ್ಕೂ ಅದೇ ಹೆಸರು ಬಂದರೆ, ಮೂಲ ಹಾಡನ್ನು ಹಾಕಿ ರಾಗ ಬದಲಾಗುವ ಜಾಗಗಳನ್ನು ಹೋಲಿಸಿ. ಎರಡನೆಯದಕ್ಕೆ ಬೇರೆ ಹೆಸರು ಬಂದರೆ ಲೂಪಿನ ಅನುಮಾನ ಗಟ್ಟಿಯಾಗುತ್ತದೆ. ಏನೂ ಬರದಿದ್ದರೆ ಅದು ಪರವಾನಗಿ ಕೊಟ್ಟು ಮಾರುವ ಸಂಗೀತ ಭಂಡಾರದ್ದೋ, ಕಾರ್ಯಕ್ರಮಕ್ಕೆಂದೇ ಮಾಡಿಸಿದ್ದೋ ಇರಬಹುದು. ಕಂತಿನ ವಿವರಣೆಯನ್ನು ಕೊನೆಯ ಸಾಲಿನವರೆಗೆ ಓದಿ, ಕೊನೆಯ ನಿಮಿಷದ ಕೃತಜ್ಞತೆಗಳನ್ನು ಕೇಳಿ.

ಅಲ್ಲೂ ಇಲ್ಲದಿದ್ದರೆ ನಿರೂಪಕರಿಗೇ ಬರೆಯಿರಿ. ಬರೆಯುವಾಗ 'ಹನ್ನೆರಡು ನಿಮಿಷ ನಲವತ್ತನೇ ಸೆಕೆಂಡಿನ ಹಾಡು' ಎಂದಷ್ಟೇ ಕೇಳಬೇಡಿ. ಜಾಹೀರಾತುಗಳನ್ನು ಕೇಳುಗರಿಂದ ಕೇಳುಗರಿಗೆ ಬದಲಿಸಿ ಸೇರಿಸುವ ಪಾಡ್‌ಕಾಸ್ಟುಗಳಲ್ಲಿ ನಿಮ್ಮ ಹನ್ನೆರಡನೇ ನಿಮಿಷ ಅವರ ಹನ್ನೊಂದನೆಯದಾಗಿರಬಹುದು. ಹಾಡು ಶುರುವಾದಾಗ ಅವರು ಆಡುತ್ತಿದ್ದ ಮಾತನ್ನು ಅಕ್ಷರಶಃ ಒಂದು ಸಾಲು ಬರೆಯಿರಿ, ಅವರಿಗೆ ಜಾಗ ತಕ್ಷಣ ಸಿಗುತ್ತದೆ.