ಮೇ ತಿಂಗಳ ಗಿರಾಕಿಗಳು ಯಾಕೆ ವಾಪಸ್ ಬಂದಿಲ್ಲ?

ಪ್ರಶ್ನೆ: ಶಿರಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ತೊಡದೇವು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಜೂನ್ 30ಕ್ಕೆ ಲೆಕ್ಕ ಹಾಕಿದೆ. ಜನವರಿಯಲ್ಲಿ ಮೊದಲ ಸಲ ಕೊಂಡ 40 ಜನರಲ್ಲಿ 14 ಮಂದಿ ಮತ್ತೆ ಕೊಂಡಿದ್ದಾರೆ, ಅಂದರೆ ಶೇ 35. ಏಪ್ರಿಲ್‌ನ 50ರಲ್ಲಿ 7 ಮಂದಿ. ಮೇ ತಿಂಗಳ 60ರಲ್ಲಿ ಬರೀ 5. ನಮ್ಮ ಮಾಲಿನ ರುಚಿ ಕೆಟ್ಟಿತಾ? ಶೀಟ್ ಕಳಿಸಿದ್ದೇನೆ.

ಉತ್ತರ: ಈ ಲೆಕ್ಕದಿಂದ ಅದನ್ನು ಹೇಳೋಕೆ ಆಗಲ್ಲ. ಜನವರಿಯವರಿಗೆ ಮತ್ತೆ ಕೊಳ್ಳಲು ಐದರಿಂದ ಆರು ತಿಂಗಳ ಸಮಯ ಸಿಕ್ಕಿದೆ. ಮೇ 31ಕ್ಕೆ ಕೊಂಡವರಿಗೆ ಸಿಕ್ಕಿದ್ದು 30 ದಿನ. ಅವರ ಮನೆಯಲ್ಲಿ ಅರ್ಧ ಕಿಲೋ ಉಪ್ಪಿನಕಾಯಿ ಇನ್ನೂ ಮುಗಿದಿರಲಿಕ್ಕಿಲ್ಲ, ಅಲ್ವಾ?

ಎಲ್ಲರಿಗೂ ಒಂದೇ ಗಡುವು ಕೊಡಿ. ನಿಮ್ಮ ಮಾಲಿಗೆ 60 ದಿನ ಇಡೋಣ. ಗಡುವು ಶುರುವಾಗುವುದು ತಿಂಗಳ ಒಂದನೇ ತಾರೀಕಿನಿಂದಲ್ಲ, ಆಯಾ ಗಿರಾಕಿಯ ಮೊದಲ ಆರ್ಡರ್‌ನಿಂದ. ಶೀಟಿನ A ಕಾಲಂನಲ್ಲಿ ಫೋನ್ ನಂಬರ್, B ಯಲ್ಲಿ ತಾರೀಕು ಇದೆ. C2, D2 ಗಳಲ್ಲಿ ಇವನ್ನು ಹಾಕಿ ಕೆಳಗೆ ಎಳೆಯಿರಿ:

```
=MINIFS(B:B, A:A, A2)
=AND(B2>C2, B2-C2<=60)
```

C ಯಲ್ಲಿ ಆ ನಂಬರಿನ ಮೊದಲ ತಾರೀಕು ಬರುತ್ತದೆ. ಗಡುವಿನೊಳಗಿನ ಮರು ಆರ್ಡರ್ ಆದರೆ D ಯಲ್ಲಿ TRUE. ಬೆಳಿಗ್ಗೆ ಬೆಲ್ಲ ತಗೊಂಡು, ಮರೆತ ತೊಡದೇವನ್ನು ಸಂಜೆ ತರಿಸಿದರೆ ಅದು ಮರುಖರೀದಿ ಅಲ್ಲ. ಹಾಗಾಗಿ B ಯಲ್ಲಿ ಗಂಟೆ ಬೇಡ, ತಾರೀಕು ಮಾತ್ರ ಇರಲಿ. ಒಬ್ಬರೇ ಮೂರು ಸಲ ಕೊಂಡರೂ ಒಬ್ಬರೇ: ಎಣಿಸಬೇಕಾದ್ದು ಜನರನ್ನು. ಒಂದೇ ನಂಬರ್ ಕೆಲವೆಡೆ +91 ಸೇರಿಸಿಕೊಂಡು ಕೂತಿದೆ, ಅದನ್ನೂ ಸರಿಮಾಡಿ. ಇಲ್ಲದಿದ್ದರೆ ಹಳೆಯವರೇ ಹೊಸಬರಾಗಿ ಕಾಣುತ್ತಾರೆ.

ಹೀಗೆ ಎಣಿಸಿದರೆ ಜನವರಿಯ 40ರಲ್ಲಿ 5 ಮಂದಿ, ಶೇ 12.5. ಏಪ್ರಿಲ್‌ನ 50ರಲ್ಲಿ 6, ಶೇ 12. ಅಷ್ಟು ದೊಡ್ಡದಾಗಿ ಕಂಡಿದ್ದ ವ್ಯತ್ಯಾಸ ಹೋಯಿತು. ಉಳಿದ ಅರ್ಧ ಶೇಕಡಾಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಒಬ್ಬರು ಆಚೀಚೆ ಆದರೂ ಎರಡು ಶೇಕಡಾ ಏರಿಳಿಯುತ್ತದೆ. ಮೇ ತಿಂಗಳ ಕೊನೆಯ ಗಿರಾಕಿಗೆ 60 ದಿನ ತುಂಬುವುದು ಜುಲೈ 30ಕ್ಕೆ. ಅಲ್ಲಿಯವರೆಗೆ ಮೇ ತಿಂಗಳ ಅಂಕಿಯ ಜಾಗ ಖಾಲಿ ಬಿಡಿ. ಅರ್ಧಂಬರ್ಧ ಅಂಕಿ ಬರೆದರೆ ಸುಮ್ನೆ ಗಾಬರಿ.

ನನಗೆ ಅನುಮಾನ ಇರುವುದು ಜನವರಿಯ ಮೇಲೆ. ನಿಮ್ಮ ಶೀಟ್ ಶುರುವಾಗುವುದೇ ಆ ತಿಂಗಳಿಂದ. ಮೊದಲು ವಾಟ್ಸಾಪಿನಲ್ಲಿ ತರಿಸುತ್ತಿದ್ದವರು ವೆಬ್‌ಸೈಟಿಗೆ ಬಂದ ಕೂಡಲೇ ಶೀಟ್ ಅವರನ್ನೂ ಹೊಸಬರೆಂದು ಬರೆದುಕೊಂಡಿರುತ್ತದೆ. 40ರಲ್ಲಿ 10 ಜನ ಅಂಥವರು, ಮರಳಿದ ಐವರಲ್ಲಿ 3 ಮಂದಿ ಅವರೇ ಅಂತಿಟ್ಟುಕೊಳ್ಳಿ. ನಿಜವಾದ ಹೊಸಬರು 30, ಮರಳಿದವರು 2. ಶೇ 7ಕ್ಕಿಂತ ಕಡಿಮೆ! ಹಳೆಯ ವಾಟ್ಸಾಪ್ ಆರ್ಡರ್‌ಗಳ ನಂಬರುಗಳನ್ನು ತಾರೀಕಿನ ಸಮೇತ ಶೀಟಿಗೆ ಸೇರಿಸಿ. ಆಗ ಅವರು ತಮ್ಮ ತಮ್ಮ ಹಳೆಯ ತಿಂಗಳಿಗೆ ಹೋಗಿ ಸೇರುತ್ತಾರೆ. ಆ ನಂಬರುಗಳು ಸಿಗದಿದ್ದರೆ ಜನವರಿಯ ಸಾಲನ್ನೇ ಹೋಲಿಕೆಯಿಂದ ಕೈಬಿಡಿ.